ಹಣೆಯ ಮೇಲಿನ ನಂಬರು

ಬನಹಟ್ಟಿಯ ಮುತ್ತಣ್ಣನ ಕೈಗೆ ಸೀರೆ ಕೊಟ್ಟರೆ ಅವನು ಮೊದಲು ಅದನ್ನು ತಿರುವಿ ಹಾಕುತ್ತಾನೆ. ಅಂಚು, ಸೆರಗು, ಬಣ್ಣ ಎಲ್ಲ ಆಮೇಲೆ. ಎಳೆ ಎಲ್ಲಿ ಕಡಿದಿತ್ತು, ಎಲ್ಲಿ ಗಂಟು ಹಾಕಿ ಮುಚ್ಚಿದ್ದಾರೆ ಎಂಬುದು ಹಿಂಬದಿಯಲ್ಲಿ ಕಾಣುತ್ತದೆ, ಮುಂದೆ ಕಾಣುವುದೆಲ್ಲ ಅಂಗಡಿಯವನ ಮಾತು ಎಂದು ಅವನ ವಾದ. ಒಮ್ಮೆ ಬೀಗರ ಮನೆಯಲ್ಲಿ ಹೆಂಡತಿ ಮಂಗಲಾಳಿಗೆ ಉಡಿ ತುಂಬಿ ಕೊಟ್ಟ ಸೀರೆಯನ್ನೂ ಅಲ್ಲೇ ಎಲ್ಲರೆದುರು ತಿರುವಿ ನೋಡಿಬಿಟ್ಟಿದ್ದ. ಆ ಮೇಲೆ ಎಷ್ಟೋ ದಿನ ಮಂಗಲಾ ಅವನ ತಾಟಿಗೆ ರೊಟ್ಟಿಯನ್ನು ಮಗುಚಿ ಬಡಿಸಿ, "ಹಿಂದ ಮುಂದ ನೋಡಿ ತಿನ್ರಿ, ಎಲ್ಲರೆ ಎಳಿ ಕಡದಿದ್ದೀತು" ಎನ್ನುತ್ತಿದ್ದಳು.

ಹುಟ್ಟಿನಿಂದ ನೇಕಾರ. ಅಪ್ಪನ ಕೈಮಗ್ಗದ ಕುಣಿಯ ಪಕ್ಕದಲ್ಲಿ ಆಡಿ ಬೆಳೆದು, ಈಗ ವಿದ್ಯುತ್ ಮಗ್ಗಗಳ ಒಂದು ಶೆಡ್ಡು ನಡೆಸುತ್ತಾನೆ. ಬೀಡಿ ಇಲ್ಲ, ಇಸ್ಪೀಟಿಲ್ಲ. ಇರುವುದೊಂದೇ ಚಟ, ಹಳೇ ಕಾರು. ಮಗ್ಗ ನಿಂತ ದಿನ ಬೇರೆಯವರು ಮಲಗುತ್ತಾರೆ, ಇವನು ಬೈಕು ಹತ್ತಿ ಯಾವುದಾದರೂ ಊರಿನ ಹಿತ್ತಿಲಿನಲ್ಲಿ ಬಿದ್ದ ಗಾಡಿ ನೋಡಲು ಹೋಗುತ್ತಾನೆ. ಮುಧೋಳದಿಂದ ಜಮಖಂಡಿಯವರೆಗೆ, ಮಹಾಲಿಂಗಪುರದಿಂದ ಬೀಳಗಿಯವರೆಗೆ, ಯಾವ ಗೋಡೆಯ ಹಿಂದೆ ಯಾವ ಗಾಡಿ ಮಲಗಿದೆ ಎಂಬುದು ಅವನಿಗೆ ಗೊತ್ತು. ನೋಡಿ ಬರುವುದೇ ಹೆಚ್ಚು, ಕೊಳ್ಳುವುದು ಅಪರೂಪ.

ಆ ಜಾಗ್ರತೆ ಅವನಿಗೆ ಪುಕ್ಕಟೆ ಬಂದದ್ದಲ್ಲ. ಮೊದಲು ಕೊಂಡ ಪದ್ಮಿನಿ ಕಾರು ಮಿರಿಮಿರಿ ಮಿಂಚುತ್ತಿತ್ತು. ಜೀವನದಲ್ಲಿ ಅದೊಂದೇ ಸಲ ಅವನು ತಿರುವಿ ನೋಡದೆ ಮುಂದಿನ ಬಣ್ಣಕ್ಕೆ ಮರುಳಾದದ್ದು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲ ಕೆಳಗಿನ ಬಣ್ಣ ಹಪ್ಪಳದಂತೆ ಉಬ್ಬಿತು, ಉಗುರು ತಾಗಿಸಿದರೆ ತಗಡಿನ ಬದಲು ತೂತು ಮುಚ್ಚಲು ಮೆತ್ತಿದ್ದ ಪುಟ್ಟಿ ಉದುರಿತು. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಕೋಟು ಬಣ್ಣ ಬಳಿಸಿ ಇನ್ನೊಬ್ಬನ ತಲೆಗೆ ಕಟ್ಟುತ್ತಿದ್ದರು. ಮುತ್ತಣ್ಣ ಕಟ್ಟಲಿಲ್ಲ. ಪುಟ್ಟಿಯನ್ನೆಲ್ಲ ಕೆತ್ತಿ ತೆಗೆಸಿ, ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬೆಸೆಸಿ ಇಂದಿಗೂ ಅದನ್ನು ಓಡಿಸುತ್ತಾನೆ. ಅಂದಿನಿಂದ ಅವನ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತದೆ, ಬಣ್ಣಕ್ಕೆ ಗೀರು ಬೀಳದಿರಲೆಂದು ಅದಕ್ಕೆ ಮೆತ್ತನೆಯ ಅರಿವೆ ಸುತ್ತಿರುತ್ತಾನೆ. ಅದು ಅಂಟದ ಕಡೆ ತಗಡಿಲ್ಲ, ಪುಟ್ಟಿಯಿದೆ ಎಂದು ಅರ್ಥ.

ಕೃಷ್ಣೆಯ ದಂಡೆಯ ಗಲಗಲಿಯ ಗಾಡಿಯ ಸುದ್ದಿ ತಂದವನು ಕಬ್ಬಿನ ಟ್ರ್ಯಾಕ್ಟರಿನ ಮಾಂತೇಶ. ಅದು ಅವನ ಮನೆಯದೇ ಗಾಡಿ. ಅಪ್ಪ ಹೊಳೆಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು, ಟ್ರ್ಯಾಕ್ಟರು ನಿಲ್ಲಿಸಲು ಶೆಡ್ಡು ಬೇಕಾಗಿತ್ತು.

"ಡುಕ್ಕರ್ ಫಿಯಾಟ್ ಐತ್ರಿ ಕಾಕಾ. ನಮ್ಮ ಮುತ್ಯಾ ಜಮಖಂಡಿ ವಕೀಲರ ಕಡೆ ತಗೊಂಡಿದ್ದು. ನೋಡಾಕ ಬರ್ತೀರೇನು?"

ಮುತ್ತಣ್ಣ ನೂಲಿನ ಕಂಡಿಕೆಯನ್ನು ಕೈಯಲ್ಲಿ ಹಿಡಿದವನು ಹಾಗೆಯೇ ನಿಂತ. ಐವತ್ತರ ದಶಕದ ಆ ಫಿಯಾಟಿಗೆ ಉಬ್ಬಿದ ಮೂತಿ, ಅದಕ್ಕೇ ಮರಾಠಿಗರು ಹಂದಿಯ ಹೆಸರಿಟ್ಟಿದ್ದಾರೆ. ಮುಂದಿನ ಬಾಗಿಲುಗಳು ಉಲ್ಟಾ ತೆರೆಯುತ್ತವೆ. ಅವನ ಅಪ್ಪ ಸಣ್ಣವನಿದ್ದಾಗ ಸೀರೆಯ ಗಂಟು ಹೊತ್ತು ಸಾವಕಾರರ ಮನೆಗೆ ಹೋದಾಗಲೆಲ್ಲ ಅಂಥದೊಂದು ಗಾಡಿಯನ್ನು ಮುಟ್ಟಿ ನೋಡಿ ಬೈಸಿಕೊಳ್ಳುತ್ತಿದ್ದನಂತೆ. ಆ ಕತೆ ಕೇಳಿ ಬೆಳೆದ ಮುತ್ತಣ್ಣನಿಗೆ ಡುಕ್ಕರ್ ಎಂದರೆ ಜೀವ. ಎಷ್ಟೋ ವರ್ಷಗಳಿಂದ ಹುಡುಕುತ್ತಿದ್ದ. ಸಿಕ್ಕವುಗಳಲ್ಲಿ ಒಂದಕ್ಕೆ ಕಾಗದವಿರಲಿಲ್ಲ, ಒಂದಕ್ಕೆ ಡೀಸೆಲ್ ಎಂಜಿನ್ ಕೂಡಿಸಿದ್ದರು, ಇನ್ನೊಂದರ ನೆಲದಲ್ಲಿ ಕಾಲಿಟ್ಟರೆ ರಸ್ತೆಗೇ ತಾಗುತ್ತಿತ್ತು.

ಗಲಗಲಿಯಲ್ಲಿ ಕುರಿಹಟ್ಟಿಯ ಪಕ್ಕ, ತಗಡಿನ ಛಾವಣಿಯ ಕೆಳಗೆ, ಮೇವಿನ ಸಿವುಡುಗಳ ನಡುವೆ ಅದು ನಿಂತಿತ್ತು. ಬೂದಿ ಬಣ್ಣ. ಮನೆಯವರು ಅದನ್ನು 'ಬೂದ ಟಗರು' ಎಂದೇ ಕರೆಯುತ್ತಿದ್ದರು. ಹೊಳೆಪ್ಪನ ಹೆಂಡತಿ ಸಾವಕ್ಕ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದವಳು ತಲೆ ಎತ್ತಿ ನೋಡಿ ಮತ್ತೆ ಹಿಂಜತೊಡಗಿದಳು.

ಮುತ್ತಣ್ಣ ಅಯಸ್ಕಾಂತ ತಾಗಿಸುತ್ತ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಎಲ್ಲರೂ ನೋಡುವ ಮೂತಿಯನ್ನು ನೋಡದೆ, ನೆಲಕ್ಕೆ ಗೋಣಿಚೀಲ ಹಾಸಿ ಅದರಡಿಗೆ ತೂರಿಕೊಂಡ. ಮಾಂತೇಶನಿಗೆ ನಗು ಬಂತು. ಒಳಗಿನಿಂದ ಟಕ್ ಟಕ್ ಎಂದು ಸದ್ದು ಬರತೊಡಗಿತು. ಸ್ಕ್ರೂಡ್ರೈವರಿನ ಹಿಡಿಯಿಂದ ಅವನು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತಗಡನ್ನು ಬಡಿದು ಕೇಳುತ್ತಿದ್ದ. ಗಟ್ಟಿ ತಗಡು ಗಂಟೆಯ ದನಿ ಕೊಡುತ್ತದೆ, ಕೊಳೆತದ್ದು ಸಪ್ಪಗೆ ಸದ್ದು ಮಾಡುತ್ತದೆ. ಈ ಫಿಯಾಟಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಮೈಯೇ ಎಲುಬು. ಆ ಅಡಿತಗಡು ತಿಂದುಹೋದರೆ ಮೇಲೆ ಎಷ್ಟು ಬಣ್ಣ ಬಳಿದರೂ ಗಾಡಿ ನಡುವಿನಲ್ಲಿ ಕುಸಿಯುತ್ತದೆ.

"ಮಾಂತೇಶ, ಮಹಾಪೂರ ಬಂದಾಗ ಇದು ಎಲ್ಲಿತ್ತೋ? ಹೊಳಿ ನೀರು ಒಳಗ ಹೊಕ್ಕಿತ್ತೇನು?"

ಉತ್ತರ ಬಂದದ್ದು ಕಟ್ಟೆಯ ಮೇಲಿಂದ. "ಇಲ್ಲ ತಮ್ಮಾ. ನೀರು ಊರಾಗ ಬರೂದರಾಗ ಅವರು ಎತ್ತು ಕಟ್ಟಿ ಬೀರಪ್ಪನ ಗುಡಿ ದಿನ್ನಿಗೆ ಎಳಿಸಿಬಿಟ್ರು. ಮನ್ಯಾಗಿನ ಜ್ವಾಳ ತೊಯ್ದು ಹ್ವಾದ್ವು, ಇದು ಮಾತ್ರ ತೊಯ್ಲಿಲ್ಲ. ನಾ ಬೈದಿದ್ದೆ."

ಮಾತನ್ನು ನಂಬಿದರೂ ಮುತ್ತಣ್ಣ ಬಾಗಿಲ ಒಳಹೊದಿಕೆಯನ್ನು ಮೆಲ್ಲಗೆ ಸಡಿಲಿಸಿ ಬೆರಳು ತೂರಿಸಿದ. ಹೊಳೆಯ ನೀರು ಹೊಕ್ಕಿದ್ದರೆ ಅಲ್ಲಿ ನಯವಾದ ರೇವೆ ಮಣ್ಣು ಕೂತಿರುತ್ತದೆ, ಯಾರೂ ಅಲ್ಲಿ ತೊಳೆಯುವುದಿಲ್ಲ. ಬೆರಳಿಗೆ ಬಂದದ್ದು ಒಣ ಧೂಳು ಮತ್ತು ಒಂದಿಷ್ಟು ಕುರಿಯ ಕೂದಲು. ಅವನ ಮುಖ ಅರಳಿತು.

ಹಿಂದಿನ ಡಿಕ್ಕಿಯಲ್ಲಿ ಮಾತ್ರ ಕತೆ ಬೇರೆಯಾಗಿತ್ತು. ಸ್ಟೆಪ್ನಿ ಇಡುವ ಗುಣಿ ಜರಡಿಯಾಗಿತ್ತು, ಕೈ ಹಾಕಿದರೆ ನೆಲ ಕಂಡಿತು. ಮುತ್ತಣ್ಣ ಬೆರಳು ಮೂಸಿ ನೋಡಿದ. "ಬೆಲ್ಲ ಹಾಕ್ತಿದ್ರೇನು ಇದರಾಗ?"

"ಮಹಾಲಿಂಗಪುರ ಪ್ಯಾಟಿಗೆ ಪೆಂಟಿ ಬೆಲ್ಲಾ ಇದರಾಗ ಹೋಗತಿತ್ತು. ಹಿಂದ ಬೆಲ್ಲಾ, ನಡುವ ನಾವು," ಎಂದಳು ಸಾವಕ್ಕ. ಮೊದಲ ಸಲ ಅವಳ ದನಿಯಲ್ಲಿ ನಗು ಇಣುಕಿತು.

ಬೆಲ್ಲ ಗಾಳಿಯ ಪಸೆ ಹೀರಿ ಬೆವರುತ್ತದೆ, ಆ ಬೆವರು ತಗಡನ್ನು ಬಿಡುವುದಿಲ್ಲ. ಆದರೆ ಅದು ಡಿಕ್ಕಿಯ ನೆಲ, ಹೊಸದಾಗಿ ಬಡಿದು ಕೂಡಿಸಬಹುದು. ಎಂಜಿನ್ನಿನ ಸಾಮಾನಿಗೂ ಚಿಂತೆಯಿಲ್ಲ. ಇದರ ವಂಶದ್ದೇ ಪದ್ಮಿನಿ, ಅದರ ಪಿಸ್ಟನ್ನು, ರಿಂಗು, ಗ್ಯಾಸ್ಕೆಟ್ಟು ಬಹಳಷ್ಟು ಹೊಂದುತ್ತವೆ, ಹುಬ್ಬಳ್ಳಿಯಲ್ಲಿ ಇಲ್ಲದಿದ್ದರೆ ಮುಂಬಯಿಯ ಹಳೇ ಅಂಗಡಿಗಳಲ್ಲಿ ಸಿಗುತ್ತವೆ. ಸಿಗದೇ ಇರುವುದು ಮೈಮೇಲಿನದು. ಮುಂದಿನ ಗಾಜು, ಮೂತಿಯ ಜಾಲರಿ, ದೀಪದ ಬಳೆ, ಬಾಗಿಲ ಹಿಡಿಕೆ. ಇವು ಹೋದರೆ ಹೋದವು, ಇನ್ನೊಂದು ಡುಕ್ಕರ್ ಸತ್ತರೆ ಮಾತ್ರ ಸಿಕ್ಕಾವು. ಮುತ್ತಣ್ಣ ಒಂದೊಂದನ್ನೂ ಮುಟ್ಟಿ ಲೆಕ್ಕ ಹಾಕಿಕೊಂಡ. ಎಲ್ಲವೂ ಇದ್ದವು. ಇಲ್ಲದ್ದು ಒಂದು ಗಾಲಿಯ ಮೇಲಿನ ಬೆಳ್ಳನೆಯ ಬಟ್ಟಲು ಮಾತ್ರ. ಅತ್ತಿತ್ತ ನೋಡಿದರೆ ಅದೂ ಅಲ್ಲೇ ಇತ್ತು, ಕೋಳಿಗಳು ಅದರಲ್ಲಿ ನುಚ್ಚು ತಿನ್ನುತ್ತಿದ್ದವು.

"ಕೋಳಿಗೆ ಬ್ಯಾರೆ ತಾಟು ನಾ ತಂದ ಕೊಡ್ತೀನಿ," ಎಂದ ಮುತ್ತಣ್ಣ ಗಂಭೀರವಾಗಿ.

ಕೊಳ್ಳಲು ಬಂದವರು ಗಾಡಿಯನ್ನು ಹಳಿಯುತ್ತಾರೆ, ಅದು ವ್ಯಾಪಾರದ ಪದ್ಧತಿ. ಮುತ್ತಣ್ಣನಿಗೆ ಆ ಪದ್ಧತಿ ಬರಲಿಲ್ಲ. ಒಳ್ಳೆಯ ನೇಯ್ಗೆ ಕಂಡರೆ ಒಳ್ಳೆಯದೆಂದೇ ಹೇಳಿ ರೂಢಿ. "ಇಂಥಾದ್ದು ನಾ ನೋಡಿಲ್ಲ. ಇದರ ಮ್ಯಾಲ ಒಂದು ಸಲನೂ ಮತ್ತ ಬಣ್ಣ ಬಳದಿಲ್ಲ. ನಿಮ್ಮಪ್ಪ ಭಾಳ ಛಲೋ ಇಟ್ಟಾನ," ಎಂದು ಮಾಂತೇಶನಿಗೆ ಹೇಳಿದ. ಸಾವಕ್ಕ ಉಣ್ಣೆಯ ಬುಟ್ಟಿಯನ್ನು ಬದಿಗಿಟ್ಟು ಹತ್ತಿರ ಬಂದಳು.

ಆಮೇಲೆ ಕಾಗದ. ಸಾವಕ್ಕ ಒಳಗಿನಿಂದ ಆರ್‌ಸಿ ಪುಸ್ತಕ ತಂದಳು. ಮೊದಲು ಮುಂಬಯಿ ರಾಜ್ಯದ ನಂಬರು, ಆಮೇಲೆ ಮೈಸೂರು ರಾಜ್ಯದ ನಂಬರು. ವಕೀಲರ ಹೆಸರು, ಅಜ್ಜನ ಹೆಸರು, ಹೊಳೆಪ್ಪನ ಹೆಸರು, ಎಲ್ಲ ಸರಿ. ಮುತ್ತಣ್ಣ ಬಾನೆಟ್ಟು ಎತ್ತಿ ಎಂಜಿನ್ ಮೇಲಿನ ನಂಬರು ಒರೆಸಿ ಓದಿದ, ಪುಸ್ತಕದ್ದೇ. ಇನ್ನುಳಿದದ್ದು ಚಾಸಿ ನಂಬರು. ಅದು ಎಂಜಿನ್ನಿನ ಹಿಂದಿನ ತಗಡಿಗೆ ಕಂಪನಿಯವರು ಅಚ್ಚು ಹೊಡೆದದ್ದು, ಗಾಡಿಗೆ ಅದೇ ಗುರುತು. ಹಳೇ ಗಾಡಿಗಳ ಲೋಕದಲ್ಲಿ ಒಂದರ ಪುಸ್ತಕ, ಇನ್ನೊಂದರ ಮೈ ಕೂಡಿಸಿ ಮಾರುವವರು ಬಹಳ. ಆ ನಂಬರು ಕಾಣದೆ ಮುತ್ತಣ್ಣ ಯಾವ ಗಾಡಿಗೂ ಮುಂಗಡ ಕೊಟ್ಟವನಲ್ಲ.

ನಂಬರು ಇರಬೇಕಾದ ಜಾಗದಲ್ಲಿ ಹಳದಿಯ ಒಂದು ದಪ್ಪ ಬಿಲ್ಲೆ ಇತ್ತು. ರೊಟ್ಟಿಯಷ್ಟು ದಪ್ಪ, ಅಂಗೈಗಿಂತ ಅಗಲ, ಕಲ್ಲಿನಷ್ಟು ಗಟ್ಟಿ. ಮೇಲೆ ಮೂರು ಬೆರಳಿನ ಗೀರು.

"ಭಂಡಾರ," ಎಂದಳು ಸಾವಕ್ಕ. "ಪ್ರತಿ ದಸರಾದ ಮಾನೌಮಿಗೆ ಬೀರಪ್ಪನ ಗುಡಿ ಅರಿಷಿಣ ಎಣ್ಣ್ಯಾಗ ಕಲಸಿ ಹಚ್ಚೂದು. ನಮ್ಮ ಮಾವ ಹಚ್ಚತಿದ್ದ, ಆಮ್ಯಾಲ ಇವರು. ಹೊರಗ ಹಚ್ಚಿದ್ರ ಬಣ್ಣ ಕೆಡತೈತಿ ಅಂತ ಇಲ್ಲಿ. ಕಂಪನ್ಯಾವ್ರು ಹೆಸರು ಬರದಿದ್ದು ಇಲ್ಲೇ ಅಂದಮ್ಯಾಲ ಇದ ಅದರ ಹಣಿ ಅಲ್ಲೇನು ಅಂತಿದ್ರು."

ಮಾಂತೇಶ ತಡಮಾಡಲಿಲ್ಲ. ಮುತ್ತಣ್ಣನ ಸ್ಕ್ರೂಡ್ರೈವರನ್ನೇ ಎತ್ತಿಕೊಂಡು, "ಕೆತ್ತಿದ್ರ ಆತಲ್ಲ" ಎನ್ನುತ್ತ ಬಗ್ಗಿದ.

"ಏ, ಕೈ ತಗೀ!" ಸಾವಕ್ಕ ಕೂಗಿದಳು. ಅದೇ ಗಳಿಗೆಗೆ ಮುತ್ತಣ್ಣನೂ ಅವನ ಮಣಿಕಟ್ಟು ಹಿಡಿದಿದ್ದ.

ಮುತ್ತಣ್ಣ ಹಿಡಿದದ್ದು ತಗಡಿಗೆ ಗೀರು ಬಿದ್ದೀತೆಂದು. ಗೀರು ಬಿದ್ದ ನಂಬರನ್ನು ಕಂಡರೆ ಆರ್‌ಟಿಓದಲ್ಲಿ ತಿದ್ದಿದ್ದಾರೆಂದು ಅನುಮಾನ ಬರುತ್ತದೆ. ಸಾವಕ್ಕ ಕೂಗಿದ್ದು ಬೇರೆ ಕಾರಣಕ್ಕೆ. ಅವಳು ಬಿಲ್ಲೆಯ ಮೇಲಿನ ಗೀರುಗಳ ಹತ್ತಿರ ಬೆರಳು ಒಯ್ದಳು, ಮುಟ್ಟಲಿಲ್ಲ.

"ಇವು ಅವರ ಬೆರಳು ತಮ್ಮಾ. ಹ್ವಾದ ಮಾನೌಮಿಗೆ ಹಚ್ಚಿದ್ದು. ದೀಪಾವಳಿ ಕಾಣಲಿಲ್ಲ. ಮನ್ಯಾಗ ಅವರ ಒಂದ ಫೋಟೋ ಐತಿ, ಅದೂ ಯಾರದೋ ಮದುವ್ಯಾಗ ಅರ್ಧಾ ಮಾರಿ ಬಂದಿದ್ದು. ಗಾಡಿ ಒಯ್ಯಿ. ಇದನ್ನ ಮಾತ್ರ ಕೆತ್ತಬ್ಯಾಡ."

ಮಾಂತೇಶನಿಗೆ ಸಿಟ್ಟು ಬಂತು. "ಯವ್ವಾ, ನಂಬರ ಇಲ್ಲದ ಅವರರೆ ಹ್ಯಾಂಗ ಒಯ್ಯಬೇಕು? ಹಂಗಾರ ಹೈವೇದ ಹೋಟೆಲದಾಂವ ಕೇಳಾಕತ್ತಾನ, ಅವಗ ಕೊಡ್ತೀನಿ. ಅವಗ ಕಾಗದಾನೂ ಬ್ಯಾಡ, ನಂಬರಾನೂ ಬ್ಯಾಡ. ಎಂಜಿನ್ ತಗದು ಹೋಟೆಲ್ ಮ್ಯಾಲ ಇಡತಾನಂತ, ಬೋರ್ಡಿನ ಬದ್ಲಿ. ಈ ದಸರಾದೊಳಗ ಶೆಡ್ ಖಾಲಿ ಆಗಬೇಕು, ಕಬ್ಬಿನ ಹಂಗಾಮ ಬಂತು."

ಸಾವಕ್ಕನಿಗೆ ಆ ಮಾತು ನಾಟಿತು. ಅವಳು ಒಮ್ಮೆ ಗಾಡಿಯನ್ನು, ಒಮ್ಮೆ ಮಗನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆತ್ತಿಸಿದರೆ ಗಂಡನ ಬೆರಳು ಹೋಗುತ್ತದೆ, ಕೆತ್ತಿಸದಿದ್ದರೆ ಗಂಡನ ಗಾಡಿ ಹೋಟೆಲಿನ ಛಾವಣಿಯ ಮೇಲೆ ತುಕ್ಕು ಹಿಡಿಯುತ್ತದೆ. ಮುತ್ತಣ್ಣ ಬಾನೆಟ್ಟನ್ನು ಸದ್ದಾಗದಂತೆ ಇಳಿಸಿ, "ಅಕ್ಕಾರ, ನನಗ ಸ್ವಲ್ಪ ಟೈಮ್ ಕೊಡ್ರಿ. ಮಾಂತೇಶ, ದಸರಾತನ ತಡಿ" ಎಂದಷ್ಟೇ ಹೇಳಿ ಬೈಕು ಹತ್ತಿದ.

ಬನಹಟ್ಟಿಗೆ ಬಂದವನಿಗೆ ಅನ್ನ ಸೇರಲಿಲ್ಲ. ಸುದ್ದಿ ಕೇಳಿದ ಆರ್‌ಟಿಓ ಏಜೆಂಟನೊಬ್ಬ ಮಗ್ಗದ ಶೆಡ್ಡಿಗೇ ಬಂದು, ಪುಸ್ತಕದಲ್ಲಿರುವ ನಂಬರನ್ನು ಬೇರೆ ತಗಡಿಗೆ ಅಚ್ಚು ಹೊಡೆಸಿ ಪಕ್ಕದಲ್ಲಿ ಕೂಡಿಸಿಕೊಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದ.

"ಯಾರಿಗೂ ತಿಳಿಯಂಗಿಲ್ಲ ಅಂದ್ರ ನನಗೂ ತಿಳಿಯಂಗಿಲ್ಲೇನು?" ಎಂದು ಮುತ್ತಣ್ಣ ಅವನನ್ನು ಚಹಾ ಕೂಡ ಕುಡಿಸದೆ ಕಳಿಸಿದ. ಕಳ್ಳ ನಂಬರು ಜೈಲಿನ ದಾರಿ, ಅದು ಒತ್ತಟ್ಟಿಗಿರಲಿ. ಅಷ್ಟು ವರ್ಷ ಒಂದೂ ಸುಳ್ಳು ಅಂಟದ ಗಾಡಿಯ ಮೈಗೆ ತನ್ನ ಕೈಯಿಂದ ಮೊದಲ ಸುಳ್ಳು ಅಂಟಬೇಕೇ? ಅರ್ಜಿ ಹಾಕಿ ಸರಕಾರದಿಂದಲೇ ಮತ್ತೆ ಪಂಚ್ ಮಾಡಿಸುವ ದಾರಿಯೂ ಇತ್ತು. ಅದಕ್ಕೂ ಮೊದಲು ಹಳೆಯದು ಅಳಿಸಿದೆ ಎಂದು ತೋರಿಸಬೇಕು, ಅಂದರೆ ಬಿಲ್ಲೆ ತೆಗೆಯಲೇಬೇಕು.

"ಬಿಟ್ಟಬಿಡ್ರಿ," ಎಂದಳು ಮಂಗಲಾ. "ಊರಾಗ ಅದೊಂದ ಗಾಡಿ ಐತೇನು?"

"ಅದೊಂದ ಐತಿ," ಎಂದ ಮುತ್ತಣ್ಣ. ಗಂಡನ ಮುಖವನ್ನು ಓದಲು ಮಂಗಲಾ ಅದನ್ನು ತಿರುವಿ ನೋಡಬೇಕಾಗಿರಲಿಲ್ಲ.

ಮರುದಿನ ಒಂದು ಮಗ್ಗ ನಿಂತಿತು. ಹಣಿಗೆಯ ಹಲ್ಲುಗಳ ನಡುವೆ ಗಂಜಿ ಮತ್ತು ನೂಲಿನ ಧೂಳು ಕೂಡಿ ಗಟ್ಟಿಯಾಗಿ ಕೂತಿತ್ತು. ಎಳೆಗಳೆಲ್ಲ ಹಾಯುವುದು ಆ ಹಲ್ಲುಗಳ ಸಂದಿಯಲ್ಲೇ, ಕಬ್ಬಿಣ ಹಾಕಿ ಕೆತ್ತಿದರೆ ಹಲ್ಲಿಗೆ ಗೀರು ಬಿದ್ದು ಮುಂದೆ ಪ್ರತಿ ಎಳೆಯೂ ಅಲ್ಲಿ ಕಡಿಯುತ್ತದೆ. ಮುತ್ತಣ್ಣ ಅಪ್ಪ ಕಲಿಸಿದ ಹಾಗೆ ಹುರಿಗೊಳಿಸಿದ ರೇಷ್ಮೆಯ ಎಳೆಯನ್ನು ಎಣ್ಣೆಯಲ್ಲಿ ಅದ್ದಿ, ಗಂಜಿಯ ಹಿಂದೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದ ಹಾಗೆ ಮೆಲ್ಲಗೆ ಎಳೆದಾಡಿದ. ಗಂಜಿಯ ಪದರ ಮುರಿಯದೆ ಇಡಿಯಾಗಿ ಕೆಳಗೆ ಬಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು, ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತ ಕೂತ.

"ಮಂಗಲಾ! ಇನ್ನಷ್ಟ ರೇಷ್ಮಿ ನೂಲು ಎಲ್ಲಿ ಐತಿ?" ಎಂದು ಅವನು ಕೂಗಿದ್ದಕ್ಕೆ ಪಕ್ಕದ ಶೆಡ್ಡಿನವರೂ ಹೊರಗೆ ಬಂದು ನೋಡಿದರು.

ಗಲಗಲಿಗೆ ಈ ಸಲ ಮಂಗಲಾಳೂ ಹೊರಟಳು. ಹೆಂಗಸಿನ ಜೀವದ ವಿಷಯ, ಗಂಡಸರ ಕೈಗೇ ಬಿಟ್ಟರೆ ಕೆಟ್ಟೀತು ಎಂದು. ಅಲ್ಲಿ ಮುತ್ತಣ್ಣ ಕಟ್ಟೆಯ ಮೇಲೆ ಕೂತು ಮೊದಲೇ ಎಲ್ಲವನ್ನೂ ಬಿಚ್ಚಿ ಹೇಳಿದ.

"ಅಕ್ಕಾರ, ಕೆತ್ತೂದಿಲ್ಲ. ಹಿಂದಿಂದ ನೂಲು ಹಾಕಿ ಇಡಿಯಾಗಿ ಬಿಡಸ್ತೀನಿ. ಆದ್ರ ಖರೆ ಹೇಳ್ತೀನಿ, ಮುರದೂ ಮುರೀಬಹುದು. ನೀವು ಬ್ಯಾಡ ಅಂದ್ರ ಬಾನೆಟ್ಟ ತಗ್ಯಂಗಿಲ್ಲ, ಚಹಾ ಕುಡದು ಹೋಗ್ತೀನಿ."

ಸಾವಕ್ಕ ಕೇಳಿದ್ದು ಒಂದೇ ಮಾತು. "ಆ ದಿನ ಅಂವ ಸ್ಕ್ರೂಡ್ರೈವರ್ ಹಾಕಾಕ ಹೋದಾಗ ನೀ ಕೈ ಹಿಡದಿ. ಯಾಕ?"

"ನಂಬರ ಕೆಟ್ಟೀತು ಅಂತ," ಎಂದ ಮುತ್ತಣ್ಣ. ಇನ್ನೊಬ್ಬನಾಗಿದ್ದರೆ ಅಲ್ಲೇ ನಿಮ್ಮ ಯಜಮಾನರ ಬೆರಳಿಗಾಗಿ ಎಂದು ಬೆಣ್ಣೆ ಹಚ್ಚುತ್ತಿದ್ದ. "ಅವರ ಬೆರಳು ಅಂತ ಗೊತ್ತಾಗಿದ್ದು ನೀವು ಹೇಳಿದಮ್ಯಾಲ."

ಸಾವಕ್ಕ ಎದ್ದಳು. "ಬಾ. ನಾನೂ ನಿಂದರತೀನಿ."

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯನ್ನು ಬಿಲ್ಲೆಯ ಸುತ್ತ ತಗಡಿಗೆ ಒತ್ತಿ ಒತ್ತಿ ಅಂಚನ್ನು ಮೆತ್ತಗೆ ಮಾಡುವುದೇ ಮೊದಲ ಕೆಲಸ. ಅದನ್ನು ಮಂಗಲಾ ವಹಿಸಿಕೊಂಡಳು. ಯಾವ ಎಣ್ಣೆಯಲ್ಲಿ ಕಲಸುತ್ತಿದ್ದರು ಎಂದು ಮುತ್ತಣ್ಣ ಕೇಳಿದಾಗ ಸಾವಕ್ಕ, "ಕುಸುಬಿ ಎಣ್ಣಿ, ಮತ್ಯಾವುದು?" ಎಂದಳು. ಆಗ ಅವನಿಗೆ ಆ ಗಟ್ಟಿತನದ ಗುಟ್ಟು ತಿಳಿಯಿತು. ಕುಸುಬೆ ಎಣ್ಣೆ ಗಾಳಿಗೆ ಒಣಗುತ್ತ ಒಣಗುತ್ತ ವಾರ್ನಿಶಿನ ಹಾಗೆ ಕಟ್ಟಿಕೊಳ್ಳುತ್ತದೆ. ವರ್ಷಕ್ಕೊಂದು ಪದರದಂತೆ ಎರಡು ತಲೆಮಾರಿನ ಕೈ ಅಲ್ಲಿ ಕೂತಿತ್ತು.

ಬೆಚ್ಚನೆಯ ಎಣ್ಣೆಯಲ್ಲಿ ಅದ್ದಿದ ರೇಷ್ಮೆಯ ಎಳೆ ಮೇಲಿನ ಅಂಚಿನಿಂದ ಒಳಹೊಕ್ಕಿತು. ಮುತ್ತಣ್ಣ ಉಸಿರು ಹಿಡಿದು ಎಳೆದಾಡಿದ. ಎಳೆ ಕಡಿಯಿತು. ಇನ್ನೊಂದು ಎಳೆ. ಅದೂ ಕಡಿಯಿತು. ಬೆನ್ನು ಬಾಗಿಸಿ ನಿಂತು ನಿಂತು ಅವನ ಸೊಂಟ ಹಿಡಿದುಕೊಂಡಿತು, ಬೆವರು ಮೂಗಿನ ತುದಿಯಿಂದ ಎಂಜಿನ್ನಿನ ಮೇಲೆ ತೊಟ್ಟಿಕ್ಕಿತು. ಮಾಂತೇಶ ನಡುವೆ ಬಂದು ನೋಡಿ, ಬಾಯಿ ತೆರೆದು, ಅವ್ವನ ಮುಖ ಕಂಡು ಮುಚ್ಚಿಕೊಂಡು ಟ್ರ್ಯಾಕ್ಟರಿಗೆ ಹೋದ. ಒಂದು ಮೂಲೆ ಚಟ್ಟನೆ ಸಿಡಿದಾಗ ಸಾವಕ್ಕ "ಬೀರಪ್ಪಾ" ಎಂದಳು. ಮೂಲೆಯಷ್ಟೇ ಮುರಿದಿತ್ತು, ಬೆರಳಿನ ಗೀರುಗಳಿಂದ ದೂರ. ಮುತ್ತಣ್ಣ ಎಳೆ ಬದಲಿಸಿ ಮತ್ತೆ ಬಗ್ಗಿದ.

ಬಿಸಿಲು ಇಳಿಯುವ ಹೊತ್ತಿಗೆ ಬಿಲ್ಲೆ ಕಳಚಿತು. ಕೆಳಗೆ ಅಂಗೈ ಒಡ್ಡಿ ನಿಂತಿದ್ದವಳು ಸಾವಕ್ಕ, ಅವಳ ಕೈಗೇ ಬಿತ್ತು.

ತಗಡಿನ ಮೇಲೆ ನಂಬರು ಇತ್ತು. ಅದರ ಸುತ್ತಲಿನ ತಗಡು ಅಲ್ಲಲ್ಲಿ ಕಂದಿತ್ತು, ಚುಕ್ಕೆ ಚುಕ್ಕೆ ತುಕ್ಕು ಹತ್ತಿತ್ತು. ಬಿಲ್ಲೆಯ ಕೆಳಗಿದ್ದ ಜಾಗ ಮಾತ್ರ ನಿನ್ನೆ ಕಾರ್ಖಾನೆಯಿಂದ ಬಂದ ಹಾಗೆ, ಬೂದಿ ಬಣ್ಣ ಮಾಸದೆ, ಒಂದೊಂದು ಅಂಕಿಯೂ ಉಗುರಿಗೆ ಸಿಗುವಷ್ಟು ಚೂಪಾಗಿ ಉಳಿದಿತ್ತು. ಮುತ್ತಣ್ಣ ಪುಸ್ತಕ ಹಿಡಿದು ಒಂದೊಂದೇ ಅಂಕಿಯನ್ನು ಜೋರಾಗಿ ಓದಿದ. ಮಂಗಲಾ ತಗಡನ್ನು ನೋಡಿ ಹೌದು, ಹೌದು ಎನ್ನುತ್ತ ಹೋದಳು. ಕೊನೆಯ ಅಂಕಿಯನ್ನು ಮುತ್ತಣ್ಣ ಎರಡು ಸಲ ಓದಿದ. ಅದೇ ಗಾಡಿ. ಅದೇ ಪುಸ್ತಕ.

"ತಮ್ಮಾ, ಇದರ ಹಿಂದ ಏನೋ ಐತಲ್ಲ," ಎಂದಳು ಸಾವಕ್ಕ.

ಅವಳು ಬಿಲ್ಲೆಯನ್ನು ತಿರುವಿ ಹಿಡಿದಿದ್ದಳು. ಅಚ್ಚಿನ ತಗ್ಗಿನಲ್ಲಿ ಕೂತಿದ್ದ ಭಂಡಾರ ಉಬ್ಬಿ, ಅದೇ ನಂಬರು ಉಲ್ಟಾ ಮೂಡಿತ್ತು. ಮುಂದೆ ಹೊಳೆಪ್ಪನ ಬೆರಳು, ಹಿಂದೆ ಗಾಡಿಯ ಹೆಸರು. ಜೀವಮಾನವಿಡೀ ಹಿಂಬದಿ ನೋಡಿ ದೋಷ ಹುಡುಕಿದ ಮುತ್ತಣ್ಣ ಕಣ್ಣಿಗೆ ಬೆವರು ಹೋಯಿತೆಂದು ಹೇಳಿ ಹೊರಗೆ ಹೋಗಿ ಮುಖ ತೊಳೆದುಕೊಂಡ. ಮಂಗಲಾ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು, ಅವಳಿಗೆ ಬೆವರಿನ ನೆಪ ಬೇಕಾಗಿರಲಿಲ್ಲ. ಸಾವಕ್ಕ ಬಿಲ್ಲೆಯನ್ನು ಹೊಸ ಅರಿವೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟು ಬಂದು, "ಈಗ ಗಾಡಿ ನಿಂದು" ಎಂದಳು.

ಮುತ್ತಣ್ಣ ಅಲ್ಲೇ ಮುಂಗಡ ಎಣಿಸಿಕೊಟ್ಟ. ಆದರೆ ಸರಕಾರಕ್ಕೆ ಅಷ್ಟು ಸಾಕಾಗುವುದಿಲ್ಲ. ಹೊಳೆಪ್ಪನ ಮರಣದ ದಾಖಲೆ, ವಾರಸುದಾರರ ಒಪ್ಪಿಗೆ, ಅವನ ಹೆಸರಿನಿಂದ ಸಾವಕ್ಕನ ಹೆಸರಿಗೆ, ಅವಳ ಹೆಸರಿನಿಂದ ಮುತ್ತಣ್ಣನ ಹೆಸರಿಗೆ. ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲದ ಹಳೇ ನಂಬರನ್ನು ಹೊಸದಾಗಿ ಏರಿಸಬೇಕು, ಬಾಕಿ ತೆರಿಗೆ ತುಂಬಬೇಕು, ವಿಮೆ ಮಾಡಿಸಬೇಕು. ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಎಂದು ಬೇರೆಯೇ ಇದೆ, ಅದಕ್ಕೆ ಅರ್ಜಿ. ಮುತ್ತಣ್ಣ ಪ್ರತಿ ಕಾಗದವನ್ನೂ, ಹೌದು, ಹಿಂದೆ ಮುಂದೆ ತಿರುವಿ ನೋಡಿಯೇ ಕೊಟ್ಟ. ಶೆಡ್ಡು ದಸರೆಗೆ ಮೊದಲೇ ಖಾಲಿಯಾಗಿತ್ತು, ಗಾಡಿ ಬನಹಟ್ಟಿಯಲ್ಲಿತ್ತು. ಪ್ಲಗ್ಗಿನ ತೂತುಗಳಿಗೆ ಎಣ್ಣೆ ಬಿಟ್ಟು ನೆನೆಸಿ, ಹ್ಯಾಂಡಲ್ ಹಾಕಿ ಕೈಯಿಂದ ತಿರುವಿದಾಗ ಎಂಜಿನ್ ಮೆಲ್ಲಗೆ ಸಡಿಲವಾಗಿತ್ತು. ಡಿಕ್ಕಿಯ ನೆಲಕ್ಕೆ ಹೊಸ ತಗಡು ಬಂದಿತ್ತು. ಕೋಳಿಗಳಿಗೆ ಗಲಗಲಿಯಲ್ಲಿ ಸ್ಟೀಲಿನ ತಾಟು ಬಂದಿತ್ತು.

ತಪಾಸಣೆಯ ದಿನ ಗಾಡಿಯನ್ನು ಲಾರಿಯ ಮೇಲೆ ಹೇರಿ ಜಮಖಂಡಿಯ ಆರ್‌ಟಿಓ ಅಂಗಳಕ್ಕೆ ತಂದರು. ಸಹಿ ಹಾಕಲು ಸಾವಕ್ಕ ಮಗನ ಜೊತೆ ಬಂದಿದ್ದಳು. ಇನ್ಸ್‌ಪೆಕ್ಟರ್ ಶೈಲಾ ಗಾಡಿಯನ್ನು ನಿಧಾನವಾಗಿ ಸುತ್ತಿದಳು, ಉಲ್ಟಾ ಬಾಗಿಲನ್ನು ತೆಗೆದು ಹಾಕಿ ನಕ್ಕಳು, ಡಿಕ್ಕಿಯ ಹೊಸ ತಗಡನ್ನು ತೋರಿಸಿ ಕೇಳಿದಳು. ಮುತ್ತಣ್ಣ ಮುಚ್ಚಿಡಲಿಲ್ಲ.

"ಬೆಲ್ಲಾ ತಿಂದಿತ್ರಿ ಮೇಡಂ. ನೆಲ ಅಷ್ಟ ಬಡಿಸಿದ್ದು. ಮೈ, ಎಂಜಿನ್ನು ಮುಟ್ಟಿಲ್ಲ."

ಆಮೇಲೆ ಅವಳು ಬಾನೆಟ್ಟಿನೊಳಗೆ ಬಗ್ಗಿ, ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದಳು. ಅಂಕಿಗಳು ಕಾಗದದ ಮೇಲೆ ಬೆಳ್ಳಗೆ ಎದ್ದು ಬಂದವು. "ಇಷ್ಟ ಸ್ವಚ್ಛ ಪ್ರಿಂಟ್ ಹೊಸ ಗಾಡ್ಯಾಗೂ ಬರಂಗಿಲ್ರಿ," ಎಂದು ಅವಳು ಅಚ್ಚರಿಪಟ್ಟು, ಪುಸ್ತಕದ ಜೊತೆ ಹೋಲಿಸಿ ಸಹಿ ಹಾಕಿದಳು. "ಇದನ್ನ ದಿನಾ ಸಂತಿಗೆ ಒಯ್ಯಂಗಿಲ್ಲ, ಗೊತ್ತೈತಲ್ಲ? ಪ್ರದರ್ಶನಾ, ರ‍್ಯಾಲಿ, ರಿಪೇರಿ, ಪೆಟ್ರೋಲ್. ಅಷ್ಟಕ್ಕ."

"ಗೊತ್ತೈತ್ರಿ. ಸಂತಿಗೆ ಪದ್ಮಿನಿ ಐತಿ," ಎಂದ ಮುತ್ತಣ್ಣ.

ಅವನು ಬಾನೆಟ್ಟು ಇಳಿಸಲು ಕೈ ಹಾಕಿದಾಗ ಸಾವಕ್ಕ ತಡೆದಳು. ಸೊಂಟದ ಚೀಲದಿಂದ ಸಣ್ಣ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಎಣ್ಣೆಯಲ್ಲಿ ಕಲಸಿದ ಭಂಡಾರ. ಅವಳು ಮೂರು ಬೆರಳು ಅದ್ದಿ ನಂಬರಿನತ್ತ ಒಯ್ದಳು, ಒಂದು ಗಳಿಗೆ ಹಾಗೆಯೇ ನಿಂತಳು, ಆಮೇಲೆ ಅದರ ಪಕ್ಕದಲ್ಲಿ, ಅಂಕಿಗೆ ತಾಗದಂತೆ, ಮೂರು ಗೀರು ಎಳೆದಳು.

"ನಂಬರದ ಮ್ಯಾಲ ಬ್ಯಾಡ. ನಾಳೆ ಯಾರರೆ ನೋಡಬೇಕಂದ್ರ ನಿನ್ನ ಹಂಗ ನೂಲು ಹಿಡದು ನಿಂದರಾವ್ರು ಸಿಗಬೇಕಲ್ಲ," ಎಂದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡು ಡಬ್ಬಿಯನ್ನು ಮುತ್ತಣ್ಣನ ಕೈಗಿಟ್ಟಳು. "ಬರೂ ವರ್ಷ ನೀನ ಹಚ್ಚಬೇಕು. ಕುಸುಬಿ ಎಣ್ಣ್ಯಾಗ ಕಲಸು. ಬ್ಯಾರೆ ಎಣ್ಣಿ ಆದ್ರ ನಿಂದರಂಗಿಲ್ಲ."

"ಆಗಲಿ ಅಕ್ಕಾರ," ಎಂದು ಮುತ್ತಣ್ಣ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅದನ್ನು ಮಾತ್ರ ಅವನು ತಿರುವಿ ನೋಡಲಿಲ್ಲ.